ಚೆನ್ನಾಗಿ ತಿನ್ನುತ್ತಿದ್ದ ಕೆಂಚ ಸೊರಗಿದ್ದೇಕೆ

ಬೆಕ್ಕಿಗೆ ಕಾಯಿಲೆ ಬಂದರೆ ಮೊದಲು ಊಟ ಬಿಡುತ್ತದೆ ಎಂದು ಬೆಕ್ಕು ಸಾಕಿದವರೆಲ್ಲ ನಂಬಿರುತ್ತೇವೆ. ಹೆಚ್ಚಿನ ಕಾಯಿಲೆಗಳಲ್ಲಿ ಅದು ನಿಜವೂ ಹೌದು. ಮಧುಮೇಹದಲ್ಲಿ ಮಾತ್ರ ಶುರುವಿನಲ್ಲಿ ಇದಕ್ಕೆ ತದ್ವಿರುದ್ಧ. ಬೆಕ್ಕು ಹಿಂದಿಗಿಂತ ಹೆಚ್ಚು ತಿನ್ನುತ್ತದೆ, ತಟ್ಟೆ ನೆಕ್ಕಿ ಮತ್ತೆ ಕೇಳುತ್ತದೆ. ಮನೆಯವರು ಆರೋಗ್ಯವಾಗಿದೆ ಎಂದುಕೊಳ್ಳುತ್ತಾರೆ. ನಮ್ಮ ಕೆಂಚನ ವಿಷಯದಲ್ಲಿ ಕಾಯಿಲೆ ಬೇಗ ಗೊತ್ತಾಗಿದ್ದು ಮೂರು ಸಂಗತಿಗಳು ಒಟ್ಟಿಗೆ ಕಣ್ಣಿಗೆ ಬಿದ್ದದ್ದರಿಂದ: ಬಾಯಾರಿಕೆ, ಹಸಿವು, ಮತ್ತು ಆ ಹಸಿವಿಗೆ ಹೊಂದದ ತೂಕ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದಕ್ಕೂ ಬೇರೆ ಕಾರಣ ಹೇಳಬಹುದಿತ್ತು.

ಕೆಂಚ ಹೆಸರಿಗೆ ತಕ್ಕ ಹಾಗೆ ಕೆಂಪು ಬಣ್ಣದ ಗಂಡು ಬೆಕ್ಕು. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಮರಿಯಾಗಿ ಬಂದವನಿಗೆ ಈಗ ಹತ್ತು ದಾಟಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಹೊರಗೆ ತಿರುಗಾಟ ಕಡಿಮೆ, ಹೊಟ್ಟೆ ದೊಡ್ಡದು. ಬೆಕ್ಕುಗಳಲ್ಲಿ ಮಧುಮೇಹ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಂಥವರಲ್ಲೇ ಎಂದು ಪಶುವೈದ್ಯರು ಆಮೇಲೆ ಹೇಳಿದರು: ನಡುವಯಸ್ಸು ದಾಟಿದ, ದಪ್ಪಗಿರುವ, ಸಂತಾನಹರಣ ಆದ ಗಂಡುಗಳು.

ಬೇಸಿಗೆಯ ಕೊನೆಯಲ್ಲಿ ಕೆಂಚ ನೀರಿನ ಬಟ್ಟಲಿನ ಮುಂದೆ ಕೂರುವ ಹೊತ್ತು ಹೆಚ್ಚಾಯಿತು. ಸೆಕೆಗೆ ಇರಬಹುದು ಎಂದುಕೊಳ್ಳುವಂತಿತ್ತು. ಆದರೆ ಮಳೆ ಹಿಡಿದು ಹವೆ ತಂಪಾದ ಮೇಲೂ ಅದು ಇಳಿಯಲಿಲ್ಲ. ಬಚ್ಚಲುಮನೆಯ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ನೀರು ಕುಡಿಯತೊಡಗಿದ. ಲಿಟರ್ ಟ್ರೇಯಲ್ಲಿ ಮೂತ್ರದಿಂದ ಗಟ್ಟಿಯಾಗುವ ಮರಳಿನ ಉಂಡೆ ಮೊದಲು ನಿಂಬೆಹಣ್ಣಿನಷ್ಟಿರುತ್ತಿತ್ತು, ಈಗ ಮೂಸಂಬಿಯಷ್ಟಾಗಿತ್ತು. ದಿನಾ ಟ್ರೇ ಬಳಿಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಕುಡಿಯುವುದನ್ನು ಕಣ್ಣಾರೆ ಕಾಣದಿದ್ದರೂ ಉಂಡೆಯ ಗಾತ್ರ ಸುಳ್ಳು ಹೇಳುವುದಿಲ್ಲ.

ಇರುವೆಯ ವಿಷಯ ಹೇಳಿದ್ದು ನಮ್ಮ ಅತ್ತೆ. ಅವರು ಮಂಡ್ಯ ಕಡೆಯವರು, ಈಗ ನಮ್ಮ ಜೊತೆಗಿದ್ದಾರೆ. ಅವರಿಗೂ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹಿತ್ತಲಿನ ಸಿಮೆಂಟ್ ಕಟ್ಟೆಯ ಮೇಲೆ ಕೆಂಚ ಮೂತ್ರ ಮಾಡಿದ್ದ ಜಾಗಕ್ಕೆ ಇರುವೆ ಸಾಲುಗಟ್ಟಿದ್ದನ್ನು ತೋರಿಸಿ, "ನೋಡಮ್ಮ, ಇವನಿಗೂ ನನ್ನ ಕಾಯಿಲೆಯೇ ಬಂದಿರುವ ಹಾಗಿದೆ" ಎಂದರು. ಇರುವೆ ಬಂದ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ, ಬಾರದಿದ್ದರೆ ರೋಗವಿಲ್ಲ ಎಂದೂ ಅಲ್ಲ. ಆದರೂ ಆ ಮಾತಿನ ನಂತರ ಅಂದಾಜು ಬಿಟ್ಟು ಅಳತೆಗೆ ಇಳಿದೆ.

ನೀರು ಅಳೆಯುವುದು ಸುಲಭ, ಆದರೆ ಕ್ರಮವಾಗಿ ಮಾಡಬೇಕು. ಬೆಳಿಗ್ಗೆ ಅಳತೆಯ ಲೋಟದಲ್ಲಿ 700 ಮಿಲಿ ನೀರು ಅಳೆದು ಅಗಲವಾದ ಬಟ್ಟಲಿಗೆ ಹಾಕಿದೆ. ಅಂಥದೇ ಇನ್ನೊಂದು ಬಟ್ಟಲಿಗೆ ಅಷ್ಟೇ ನೀರು ಹಾಕಿ, ಕೆಂಚನಿಗೆ ಎಟುಕದ ಹಾಗೆ ಕಪಾಟಿನ ಮೇಲಿಟ್ಟೆ. ಒಂದು ದಿನದಲ್ಲಿ ಎಷ್ಟು ನೀರು ಆವಿಯಾಗುತ್ತದೆ ಎಂದು ಅದರಿಂದ ತಿಳಿಯುತ್ತದೆ. ಬಕೆಟ್ಟುಗಳಿಗೆ ಮುಚ್ಚಳ, ಬಚ್ಚಲಿಗೆ ಬಾಗಿಲು, ಹಿತ್ತಲಿಗೆ ಚಿಲಕ. ಮರುದಿನ ಅದೇ ಹೊತ್ತಿಗೆ ಉಳಿದ ನೀರನ್ನು ಅಳೆದಾಗ ಕೆಂಚನ ಬಟ್ಟಲಿನಲ್ಲಿ 560 ಮಿಲಿ ಕಡಿಮೆಯಾಗಿತ್ತು, ಕಪಾಟಿನ ಮೇಲಿನದರಲ್ಲಿ 20 ಮಿಲಿ. ಅಂದರೆ ಅವನು ಕುಡಿದದ್ದು 540 ಮಿಲಿ. ಆರೋಗ್ಯವಾಗಿರುವ ಬೆಕ್ಕು ಒಣ ಆಹಾರವನ್ನೇ ತಿನ್ನುತ್ತಿದ್ದರೂ ಸಾಮಾನ್ಯವಾಗಿ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 50 ಮಿಲಿಗಿಂತ ಹೆಚ್ಚು ಕುಡಿಯುವುದಿಲ್ಲ. ಕೆಜಿಗೆ 100 ಮಿಲಿ ದಾಟಿತೆಂದರೆ ಅನುಮಾನಕ್ಕೆ ಎಡೆಯಿಲ್ಲ, ಒಳಗೇನೋ ಕೆಟ್ಟಿದೆ. ಕೆಂಚ ಅದನ್ನು ದಾಟಿದ್ದ.

ತೂಕಕ್ಕೆ ಮನೆಯ ನಿಲ್ಲುವ ತಕ್ಕಡಿ ಸಾಲದು. ಅವನನ್ನು ಎತ್ತಿಕೊಂಡು ನಿಂತು, ಆಮೇಲೆ ನಮ್ಮ ತೂಕ ಕಳೆಯುವ ಲೆಕ್ಕದಲ್ಲಿ ಒಂದೆರಡು ನೂರು ಗ್ರಾಂ ಅತ್ತಿತ್ತ ಆಗುತ್ತದೆ. ಐದು ಕೆಜಿಯ ಪ್ರಾಣಿಗೆ ಆ ವ್ಯತ್ಯಾಸ ಸಣ್ಣದಲ್ಲ. ಪಕ್ಕದ ಮನೆಯವರಲ್ಲಿ ಮಗು ತೂಗುವ ತಕ್ಕಡಿಯಿತ್ತು. ಅದರಲ್ಲಿ 5.2 ಕೆಜಿ ಬಂತು. ಅದಕ್ಕೆ ಮುಂಚೆ ಲಸಿಕೆ ಹಾಕಿಸಿದಾಗ ಪುಸ್ತಕದಲ್ಲಿ ಬರೆದಿದ್ದ ತೂಕ 6.3. ಹೆಚ್ಚುಕಡಿಮೆ ಆರನೇ ಒಂದು ಭಾಗ ಹೋಗಿತ್ತು, ಅದೂ ತಟ್ಟೆ ಎರಡು ಪಟ್ಟು ಖಾಲಿಯಾಗುತ್ತಿದ್ದ ಕಾಲದಲ್ಲಿ. ದಪ್ಪ ಬೆಕ್ಕು ಸೊರಗಿದರೆ ಬೇಗ ಕಾಣುವುದಿಲ್ಲ. ಹೊಟ್ಟೆ ಜೋತಾಡುತ್ತಲೇ ಇರುತ್ತದೆ, ಕರಗುವುದು ಬೆನ್ನಿನ ಮಾಂಸಖಂಡ. ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಬೆರಳಾಡಿಸಿದಾಗ ಕೆಂಚನ ಮೂಳೆಯ ಗಂಟುಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ರೋಮ ಒರಟಾಗಿತ್ತು, ಸೊಂಟದ ಹತ್ತಿರ ನೆಕ್ಕಿಕೊಳ್ಳದೆ ಎಳೆಎಳೆಯಾಗಿ ಅಂಟಿಕೊಂಡಿತ್ತು.

ಈ ಎಲ್ಲ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪಶುವೈದ್ಯೆಯ ಬಳಿಗೆ ಹೋದೆ. ಅವರು ಮೊದಲು ನೋಡಿದ್ದು ಕೆಂಚ ಮೇಜಿನ ಮೇಲೆ ನಿಂತ ರೀತಿಯನ್ನು. ಬೆಕ್ಕು ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಹಿಂಗಾಲಿನ ನರ ಸೋತು, ಹಿಮ್ಮಡಿ ನೆಲಕ್ಕೆ ತಾಗುವ ಹಾಗೆ ನಡೆಯುತ್ತದೆ. ಕೆಂಚನಿಗೆ ಅದು ಇನ್ನೂ ಆಗಿರಲಿಲ್ಲ. "ಬೇಗ ಬಂದಿದ್ದೀರಿ ಮೇಡಂ" ಎಂದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಅನಿರೀಕ್ಷಿತ: ತುರಿಕೆಗೋ ಉಬ್ಬಸಕ್ಕೋ ಇತ್ತೀಚೆಗೆ ಸ್ಟೀರಾಯ್ಡ್ ಕೊಡಿಸಿದ್ದೀರಾ? ಚರ್ಮದ ತುರಿಕೆಗೆ ಹಾಕುವ ದೀರ್ಘಕಾಲದ ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಇನ್ಸುಲಿನ್ ಕೆಲಸ ಮಾಡುವುದಕ್ಕೆ ಅಡ್ಡಿಯಾಗುತ್ತವೆ, ಅಂಚಿನಲ್ಲಿರುವ ಬೆಕ್ಕನ್ನು ಮಧುಮೇಹಕ್ಕೆ ತಳ್ಳಿಬಿಡಬಲ್ಲವು. ಕೆಂಚನಿಗೆ ಕೊಡಿಸಿರಲಿಲ್ಲ.

ರಕ್ತದ ಸಕ್ಕರೆ 412 ಬಂತು. ಮನುಷ್ಯರಲ್ಲಾದರೆ ಅಷ್ಟಕ್ಕೇ ತೀರ್ಮಾನವಾಗುತ್ತಿತ್ತು. ಬೆಕ್ಕಿನಲ್ಲಿ ಆಗುವುದಿಲ್ಲ. ಚೀಲದಲ್ಲಿ ಕೂಡಿಸಿ, ಆಟೋದಲ್ಲಿ ತಂದು, ನಾಯಿ ಬೊಗಳುವ ಕೊಠಡಿಯಲ್ಲಿ ಕಾಯಿಸಿದರೆ ಹೆದರಿಕೆಗೇ ಆರೋಗ್ಯವಂತ ಬೆಕ್ಕಿನ ಸಕ್ಕರೆ 300 ದಾಟಬಲ್ಲದು. ಹಾಗಾಗಿ ಎರಡು ಪರೀಕ್ಷೆ ಬೇಕೆಂದರು. ಒಂದು ಫ್ರಕ್ಟೋಸಮೈನ್. ಇದು ಆ ಕ್ಷಣದ ಸಕ್ಕರೆಯನ್ನಲ್ಲ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರಿಸುತ್ತದೆ, ಅರ್ಧ ಗಂಟೆಯ ಹೆದರಿಕೆಯಿಂದ ಬದಲಾಗುವುದಿಲ್ಲ. ಆ ಪ್ರಯೋಗಾಲಯದ ಮೇಲ್ಮಿತಿ 350 ಇತ್ತು, ಕೆಂಚನದು 540. ಇನ್ನೊಂದು, ಮನೆಯಲ್ಲೇ ಹಿಡಿದ ಮೂತ್ರ. ಟ್ರೇಯ ಮರಳು ತೆಗೆದು, ತೊಳೆದು ಒಣಗಿಸಿದ ಅಕ್ವೇರಿಯಂ ಕಲ್ಲು ಹರಡಿದೆ. ಕಲ್ಲು ನೀರು ಹೀರುವುದಿಲ್ಲವಾದ್ದರಿಂದ ಮೂತ್ರ ಕೆಳಗೆ ನಿಲ್ಲುತ್ತದೆ, ಸಿರಿಂಜಿನಲ್ಲಿ ಎಳೆದುಕೊಳ್ಳಬಹುದು. ಪರೀಕ್ಷಾ ಪಟ್ಟಿಯಲ್ಲಿ ಸಕ್ಕರೆಯ ಚೌಕ ಗಾಢ ಬಣ್ಣಕ್ಕೆ ತಿರುಗಿತು, ಕೀಟೋನ್ ಚೌಕ ಬದಲಾಗಲಿಲ್ಲ. ಕೀಟೋನ್ ಎಂದರೆ ದೇಹ ಕೊಬ್ಬನ್ನು ಉರಿಸುವಾಗ ಹುಟ್ಟುವ ಆಮ್ಲದಂಥ ವಸ್ತು, ಅದು ಇಲ್ಲ ಎನ್ನುವುದು ದೊಡ್ಡ ಸಮಾಧಾನ. ಅದು ಬಂದು, ಜೊತೆಗೆ ವಾಂತಿ, ಊಟ ಬಿಡುವುದು, ಮಂಕು ಕಾಣಿಸಿಕೊಂಡರೆ ಅದು ತುರ್ತು ಸ್ಥಿತಿ, ಆಸ್ಪತ್ರೆಗೆ ಸೇರಿಸಬೇಕು. ಕಿಡ್ನಿ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿದರು. ಮುದಿ ಬೆಕ್ಕು ಹೆಚ್ಚು ನೀರು ಕುಡಿದು ಸೊರಗುವುದಕ್ಕೆ ಕಿಡ್ನಿ ಕಾಯಿಲೆ ಕಾರಣವಿರಬಹುದು, ಹೆಚ್ಚು ತಿಂದೂ ಸೊರಗುವುದಕ್ಕೆ ಥೈರಾಯ್ಡ್ ಕಾರಣವಿರಬಹುದು. ಅವೆರಡೂ ಸರಿಯಾಗಿದ್ದವು.

ಯಾಕೆ ಹೀಗಾಗುತ್ತದೆ ಎಂದು ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಇನ್ಸುಲಿನ್ ಸಾಲದೆ, ಇರುವುದೂ ಸರಿಯಾಗಿ ಕೆಲಸ ಮಾಡದೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಬೆಕ್ಕಿನ ಕಿಡ್ನಿ ಸುಮಾರು 270ರ ತನಕ ಸಕ್ಕರೆಯನ್ನು ತಡೆದು ವಾಪಸು ಕಳುಹಿಸುತ್ತದೆ. ಅದಕ್ಕಿಂತ ಮೇಲೇರಿದರೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂತ್ರ ಹೆಚ್ಚಾಗುವುದು ಮೊದಲು, ಬಾಯಾರಿಕೆ ಅದರ ಹಿಂದೆ. ಆದ್ದರಿಂದ ಹೆಚ್ಚು ಕುಡಿಯುತ್ತಿದೆ ಎಂದು ನೀರು ಕಡಿಮೆ ಇಡುವುದು ಅಪಾಯ. ಇತ್ತ ಜೀವಕೋಶಗಳಿಗೆ ಸಕ್ಕರೆ ತಲುಪದೆ ದೇಹ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ಉರಿಸುತ್ತದೆ. ಹಸಿವು ತೀರುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ.

ಚಿಕಿತ್ಸೆಗೆ ಗ್ಲಾರ್ಜಿನ್ ಇನ್ಸುಲಿನ್, 12 ಗಂಟೆಗೊಮ್ಮೆ 1 ಯೂನಿಟ್ ಎಂದು ಬರೆದುಕೊಟ್ಟರು. ಇಲ್ಲಿ ಸಿರಿಂಜಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ಅತ್ತೆಯ ಇನ್ಸುಲಿನ್ 40ರದ್ದು, ಕೆಂಚನ ಗ್ಲಾರ್ಜಿನ್ 100ರದ್ದು. ಕೆಂಪು ಸಿರಿಂಜಿನಲ್ಲಿ 1ರ ಗೆರೆಯ ತನಕ ಗ್ಲಾರ್ಜಿನ್ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಐದು ಕೆಜಿಯ ಬೆಕ್ಕಿಗೆ ಅದು ಪ್ರಾಣಕ್ಕೇ ಕುತ್ತು ತರಬಲ್ಲ ವ್ಯತ್ಯಾಸ. ಹಾಗಾಗಿ ಅತ್ತೆಯ ಸಾಮಾನು ಅವರ ಕೋಣೆಯ ಕಪಾಟಿನಲ್ಲಿ, ಕೆಂಚನದು ಅಡುಗೆಮನೆಯ ಬೇರೆ ಡಬ್ಬಿಯಲ್ಲಿ. ಕೆಂಚನಿಗೆ ಅರ್ಧ ಯೂನಿಟ್ಟಿನ ಗೆರೆ ಇರುವ 0.3 ಮಿಲಿಯ ಸಣ್ಣ ಸಿರಿಂಜನ್ನು ಅಂಗಡಿಯವರಿಗೆ ಹೇಳಿ ತರಿಸಿಕೊಂಡೆವು. ದೊಡ್ಡ ಸಿರಿಂಜಿನಲ್ಲಿ 1 ಯೂನಿಟ್ ಎನ್ನುವುದು ಕಣ್ಣಿಗೆ ಕೂದಲೆಳೆಯಷ್ಟು.

ಚುಚ್ಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಪಕ್ಕೆಯ ಮೇಲಿನ ಸಡಿಲ ಚರ್ಮವನ್ನು ಎತ್ತಿ, ಆ ಮಡಿಕೆಯ ಬುಡಕ್ಕೆ ಸೂಜಿ ಹಾಕಬೇಕು. ಒಂದು ಹೊತ್ತು ಎಡ, ಇನ್ನೊಂದು ಹೊತ್ತು ಬಲ. ತಟ್ಟೆಯಲ್ಲಿ ಮುಖ ಹುದುಗಿಸಿದ ಕೆಂಚ ತಲೆ ಎತ್ತುತ್ತಲೂ ಇರಲಿಲ್ಲ. ಕೆಲವೊಮ್ಮೆ ಸೂಜಿ ಮಡಿಕೆಯನ್ನು ದಾಟಿ ಆಚೆ ಬಂದು ರೋಮ ಒದ್ದೆಯಾಗುತ್ತದೆ. ಆಗ ಇನ್ನೊಂದು ಡೋಸ್ ಕೊಡಬಾರದು, ಎಷ್ಟು ಒಳಗೆ ಹೋಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ ಅಷ್ಟೆ, ಹೆಚ್ಚಾದರೆ ಗಂಟೆಗಳಲ್ಲಿ ಬೆಕ್ಕು ಬೀಳುತ್ತದೆ.

ಇಷ್ಟಾದ ಮೇಲೆ ಊಟದ ಮಾತು. ವೈದ್ಯೆ ಇನ್ಸುಲಿನ್ ವಿವರಿಸಿದ್ದಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೆ ಕೊಟ್ಟರು, ಅದು ಸರಿಯೆಂದು ನನಗೆ ಈಗ ಅನ್ನಿಸುತ್ತದೆ. ಬೆಕ್ಕು ಮೂಲತಃ ಮಾಂಸದಿಂದಲೇ ಬದುಕುವ ಪ್ರಾಣಿ. ಅದಕ್ಕೆ ಬೇಕಾದ ಸಕ್ಕರೆಯನ್ನು ಯಕೃತ್ತು ಪ್ರೋಟೀನಿನಿಂದಲೇ ತಯಾರಿಸಿಕೊಳ್ಳುತ್ತದೆ. ಪಿಷ್ಟ ಹೆಚ್ಚಿದ್ದಷ್ಟೂ ಸಕ್ಕರೆ ಏರುತ್ತದೆ, ಅಷ್ಟಷ್ಟು ಇನ್ಸುಲಿನ್ ಬೇಕಾಗುತ್ತದೆ. ಮಧುಮೇಹದ ಬೆಕ್ಕಿಗೆ ಊಟದ ಒಟ್ಟು ಶಕ್ತಿಯಲ್ಲಿ ಪಿಷ್ಟದ ಪಾಲು ಶೇ 12ರ ಒಳಗಿದ್ದರೆ ಒಳ್ಳೆಯದು ಎಂದರು. ಪ್ಯಾಕೆಟ್ಟಿನ ಮೇಲೆ ಈ ಅಂಕಿ ಇರುವುದಿಲ್ಲ, ನಾವೇ ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟವಲ್ಲ. ಕೆಂಚ ತಿನ್ನುತ್ತಿದ್ದ ಒಣ ಆಹಾರದ ಚೀಲದ ಮೇಲೆ ಪ್ರೋಟೀನ್ 30, ಕೊಬ್ಬು 10, ತೇವಾಂಶ 10, ನಾರು 4 ಎಂದಿತ್ತು. ಬೂದಿಯ ಅಂಶ, ಅಂದರೆ ಖನಿಜಗಳ ಪಾಲು, ಬರೆದಿರಲಿಲ್ಲ, ಒಣ ಆಹಾರಕ್ಕೆ 8 ಎಂದು ಹಿಡಿಯಬಹುದು ಎಂದರು. ಎಲ್ಲವನ್ನೂ ಕೂಡಿಸಿ ನೂರರಿಂದ ಕಳೆದರೆ ಉಳಿಯುವ 38 ಪಿಷ್ಟ. ಶಕ್ತಿಗೆ ಬದಲಿಸಲು ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಬೇಕು. ಪ್ರೋಟೀನಿನಿಂದ 105, ಕೊಬ್ಬಿನಿಂದ 85, ಪಿಷ್ಟದಿಂದ 133, ಒಟ್ಟು 323 ಕ್ಯಾಲೊರಿ. ಅದರಲ್ಲಿ ಪಿಷ್ಟದ ಪಾಲು ಶೇ 41. ಇದರ ಮೇಲೆ ಸಂಜೆ ಅತ್ತೆ ಕಲಸುತ್ತಿದ್ದ ಹಾಲು ಅನ್ನ ಬೇರೆ.

ಪೌಚಿನ ಮೆತ್ತನೆಯ ಆಹಾರವೆಲ್ಲ ಒಳ್ಳೆಯದು ಎಂದೂ ತಿಳಿಯಬಾರದು. ಅಂಗಡಿಯಲ್ಲಿ ಎರಡು ಪೌಚ್ ಕೈಯಲ್ಲಿ ಹಿಡಿದು ಇದೇ ಲೆಕ್ಕ ಹಾಕಿದೆ. ಗಟ್ಟಿ ಗ್ರೇವಿಯ ಒಂದರಲ್ಲಿ ಪಿಷ್ಟ ನೂರಕ್ಕೆ ಬರೀ 5 ಬಂತು. ಕಡಿಮೆ ಎನಿಸಿತು. ಆದರೆ ಅದರಲ್ಲಿ ನೀರೇ 82 ಇದ್ದುದರಿಂದ ಶಕ್ತಿಯ ಲೆಕ್ಕದಲ್ಲಿ ಪಿಷ್ಟದ ಪಾಲು ಶೇ 26 ಆಯಿತು. ಗ್ರೇವಿಯನ್ನು ಗಟ್ಟಿಮಾಡುವುದೇ ಪಿಷ್ಟ. ಗ್ರೇವಿಯಿಲ್ಲದೆ ಮುದ್ದೆಯ ಹಾಗಿದ್ದ ಇನ್ನೊಂದರಲ್ಲಿ ಶೇ 10. ಅದನ್ನೇ ಆರಿಸಿದೆ.

ಕೋಳಿ ಬೇಯಿಸಿ ಅದನ್ನೇ ಹಾಕಿದರೆ ಸಾಲದೇ ಎಂದು ನಾನೂ ಕೇಳಿದೆ. ಬರೀ ಮಾಂಸದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇಲ್ಲ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಅಂಶ ಬೇಯಿಸಿದ ನೀರಿನಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಕೋಳಿ ಮೇಲುತಿಂಡಿಯ ಪ್ರಮಾಣದಲ್ಲಿರಬೇಕು, ದಿನದ ಶಕ್ತಿಯ ಹತ್ತನೇ ಒಂದು ಭಾಗದ ಆಸುಪಾಸು. ಕೆಂಚನಿಗೆ ಅದು 15ರಿಂದ 20 ಗ್ರಾಂ. ಉಪ್ಪಿಲ್ಲದೆ, ಒಗ್ಗರಣೆಯಿಲ್ಲದೆ ಬೇಯಿಸಿ, ಬೆಂದ ನೀರಿನ ಸಮೇತ ಹಾಕುತ್ತೇವೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಸಾರಿನಿಂದ ತೆಗೆದ ತುಂಡು ತೊಳೆದು ಹಾಕುವುದೂ ಬೇಡ.

ಹಾಲು ಅನ್ನ ನಿಲ್ಲಿಸುವ ಮಾತು ಅತ್ತೆಗೆ ನೋವು ತಂದಿತು. "ಹತ್ತು ವರ್ಷ ನನ್ನ ಕೈಯಿಂದ ತಿಂದಿದ್ದಾನೆ, ಒಂದು ಹಿಡಿಗೆ ಏನಾಗುತ್ತದೆ?" ಎಂದರು. "ಅತ್ತೆ, ನಿಮಗೆ ಡಾಕ್ಟರು ಅನ್ನ ಕಡಿಮೆ ಮಾಡಿ ಎಂದದ್ದು ಯಾಕೋ ಇವನಿಗೂ ಅದಕ್ಕೇ. ಕೋಳಿ ಬಿಡಿಸಿ ಹಾಕುವ ಕೆಲಸ ನಿಮ್ಮದೇ ಇರಲಿ" ಎಂದೆ. ಅಂದಿನಿಂದ ತಕ್ಕಡಿಯಲ್ಲಿ ತೂಗಿ, ಎಳೆಎಳೆಯಾಗಿ ಬಿಡಿಸಿ, ಪೌಚಿನ ಆಹಾರದ ಮೇಲೆ ಉದುರಿಸುವವರು ಅವರೇ. ನನಗಿಂತ ಕಟ್ಟುನಿಟ್ಟು.

ಆಹಾರವನ್ನು ಒಮ್ಮೆಗೇ ಬದಲಿಸಲಿಲ್ಲ. ಇದಕ್ಕೆ ಎರಡು ಕಾರಣ, ಎರಡೂ ಮುಖ್ಯ. ಮೊದಲನೆಯದು, ಹೊಸದನ್ನು ಬೆಕ್ಕು ಮೂಸಿ ನೋಡಿ ತಿರುಗಿ ಹೋಗಬಹುದು. ಹಸಿದರೆ ತಾನೇ ತಿನ್ನುತ್ತದೆ ಎಂಬ ಮಾತು ನಾಯಿಗೆ ಹೊಂದೀತು, ಬೆಕ್ಕಿಗಲ್ಲ. ದಪ್ಪ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದು ಕೆಡುತ್ತದೆ, ಆ ಕಾಯಿಲೆ ಮಧುಮೇಹಕ್ಕಿಂತ ಬೇಗ ಕೊಲ್ಲುತ್ತದೆ. ಎರಡನೆಯದು, ಪಿಷ್ಟ ಇಳಿದಂತೆ ಇನ್ಸುಲಿನ್ ಅಗತ್ಯವೂ ಇಳಿಯುತ್ತದೆ. ಹಳೆಯ ಆಹಾರಕ್ಕೆ ಲೆಕ್ಕ ಹಾಕಿದ ಡೋಸ್ ಹೊಸ ಆಹಾರಕ್ಕೆ ಅತಿಯಾಗಬಹುದು. ಆದ್ದರಿಂದ ಒಣ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ, ಪ್ರತಿ ಹಂತದಲ್ಲೂ ಸಕ್ಕರೆ ನೋಡುತ್ತ ಹೋಗಬೇಕಿತ್ತು. ಮೊದಲ ದಿನಗಳಲ್ಲಿ ಕೆಂಚ ಪೌಚನ್ನು ಮುಟ್ಟಲಿಲ್ಲ. ಫ್ರಿಜ್ಜಿನಿಂದ ತೆಗೆದದ್ದನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಮೇಲೆ ಹಳೆಯ ಆಹಾರವನ್ನು ಕುಟ್ಟಿ ಪುಡಿಯಾಗಿ ಉದುರಿಸಿದ ಮೇಲೆ ನಾಲಗೆ ಇಟ್ಟ. ಬೆಚ್ಚಗಾದಾಗ ಏಳುವ ವಾಸನೆಯೇ ಬೆಕ್ಕಿಗೆ ರುಚಿ.

ದಿನಚರಿ ಹೀಗೆ ನಿಂತಿತು. ಬೆಳಿಗ್ಗೆ ಆರೂವರೆಗೆ ತಟ್ಟೆ. ಅವನು ಅರ್ಧಕ್ಕಿಂತ ಹೆಚ್ಚು ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಇಂಜೆಕ್ಷನ್. ಸಂಜೆ ಆರೂವರೆಗೆ ಮತ್ತೆ ಅದೇ. ಗ್ಲಾರ್ಜಿನ್ ನಿಧಾನವಾಗಿ ಇಳಿಯುವ ಇನ್ಸುಲಿನ್, ಬೆಕ್ಕಿನಲ್ಲಿ ಊಟದ ನಂತರದ ಸಕ್ಕರೆಯೂ ನಿಧಾನವಾಗಿ ಏರುತ್ತದೆ. ಹಾಗಾಗಿ ಊಟಕ್ಕೂ ಸೂಜಿಗೂ ನಡುವಿನ ನಿಮಿಷಗಳ ಲೆಕ್ಕ ಅಷ್ಟು ಮುಖ್ಯವಲ್ಲ, ನಡುವೆ ಹಸಿದರೆ ದಿನದ ಪಾಲಿನಲ್ಲೇ ಸ್ವಲ್ಪ ತೆಗೆದಿಟ್ಟು ಮಧ್ಯಾಹ್ನ ಕೊಡಲೂಬಹುದು. ಮುಖ್ಯವಾದದ್ದು ಬೆಕ್ಕು ತಿಂದಿತೇ ಇಲ್ಲವೇ ಎನ್ನುವುದು. ಹಿಂದಿನ ಹಾಗೆ ತಟ್ಟೆ ದಿನವಿಡೀ ತುಂಬಿಟ್ಟಿದ್ದರೆ ಈ ಹೊತ್ತು ಎಷ್ಟು ತಿಂದ ಎಂದು ಹೇಳುವುದೇ ಆಗುತ್ತಿರಲಿಲ್ಲ. ದಿನಕ್ಕೆ ಸುಮಾರು 240 ಕ್ಯಾಲೊರಿ ಗೊತ್ತುಮಾಡಿದ್ದರು. ಸೊರಗಿದ ಬೆಕ್ಕಿಗೆ ಸಕ್ಕರೆ ಹತೋಟಿಗೆ ಬರುವ ತನಕ ಊಟ ಕಡಿತ ಮಾಡಬಾರದು, ತೂಕ ಇಳಿಸುವ ಯೋಚನೆ ಆಮೇಲೆ.

ಸಕ್ಕರೆ ನೋಡಲು ಕಿವಿಯ ಅಂಚಿನಲ್ಲಿ ಚುಚ್ಚುತ್ತೇವೆ. ಬೆಚ್ಚನೆಯ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿದರೆ ಅಂಚಿನ ರಕ್ತನಾಳ ತುಂಬಿಕೊಳ್ಳುತ್ತದೆ. ಒಳಗಡೆ ಹತ್ತಿ ಆನಿಸಿ ಹೊರಗಿನಿಂದ ಚುಚ್ಚಿದರೆ ಸಾಸಿವೆ ಗಾತ್ರದ ಹನಿ ಸಾಕು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ವೈದ್ಯೆ ನಮ್ಮ ಮೀಟರನ್ನು ತಮ್ಮ ಯಂತ್ರದ ಜೊತೆ ಹೋಲಿಸಿ ನೋಡಿ, ನಾವು ಯಾವ ಅಂಕಿಗೆ ಫೋನ್ ಮಾಡಬೇಕು ಎಂದು ಬರೆದುಕೊಟ್ಟರು.

ಮೊದಲ ವಾರದ ನಂತರ ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆಯ ತನಕ ಎರಡೆರಡು ಗಂಟೆಗೆ ನೋಡಿದೆವು. ಇಂಜೆಕ್ಷನ್ನಿಗೆ ಮುಂಚೆ 372. ಮಧ್ಯಾಹ್ನ ಹನ್ನೆರಡೂವರೆಗೆ ಅತಿ ಕಡಿಮೆ, 246. ಸಂಜೆಗೆ ಮತ್ತೆ 358. ಇದರಲ್ಲಿ ನೋಡಬೇಕಾದದ್ದು ಆ ತಳದ ಅಂಕಿ. ಡೋಸ್ ಏರಿಸುವುದೂ ಇಳಿಸುವುದೂ ಅದರ ಮೇಲೆಯೇ ಹೊರತು ಬೆಳಗಿನ ಅಂಕಿಯ ಮೇಲಲ್ಲ. ಅದು 80ರಿಂದ 150ರ ನಡುವೆ ಬರಬೇಕು. ಡೋಸ್ ಒಂದೂವರೆಗೆ, ಆಮೇಲೆ 2ಕ್ಕೆ ಏರಿತು. ತಳ 118ಕ್ಕೆ ಬಂತು. ನೀರು ದಿನಕ್ಕೆ 200 ಮಿಲಿಗೆ ಇಳಿಯಿತು, ಟ್ರೇಯ ಉಂಡೆಗಳು ಸಣ್ಣದಾದವು.

ಒಣ ಆಹಾರದ ಕೊನೆಯ ಪಾಲನ್ನೂ ನಿಲ್ಲಿಸಿದ ವಾರ ವೈದ್ಯೆ ಮೊದಲೇ ಎಚ್ಚರಿಸಿದ್ದು ನಡೆಯಿತು. ಮಧ್ಯಾಹ್ನ ಕೆಂಚ ಅಡುಗೆಮನೆಗೆ ಬಂದು ವಿಚಿತ್ರವಾಗಿ ಕೂಗತೊಡಗಿದ. ಊಟದ ಹೊತ್ತಲ್ಲ. ತಿರುಗುವಾಗ ಹಿಂಗಾಲು ಅಡ್ಡ ಜಾರಿತು, ತಲೆ ಸಣ್ಣಗೆ ಅದುರುತ್ತಿತ್ತು. ಮೀಟರ್ 54 ತೋರಿಸಿತು. ಫ್ರಿಜ್ಜಿನ ಮೇಲೆ ಇದಕ್ಕೆಂದೇ ಇಟ್ಟಿದ್ದ ಜೇನುತುಪ್ಪವನ್ನು ಬೆರಳಿನಿಂದ ವಸಡಿಗೆ ಸವರಿದೆ. ಗಂಟಲಿಗೆ ಸುರಿಯಬಾರದು, ಅದುರುವ ಬೆಕ್ಕು ನುಂಗಲಾರದೆ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ. ಅವನು ಬಾಯಿ ಚಪ್ಪರಿಸತೊಡಗಿದ ಕೂಡಲೇ ಆಹಾರ ಇಟ್ಟೆ, ತಿಂದ. ವೈದ್ಯೆಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಕಾಲು ಗಂಟೆಗೊಮ್ಮೆ ನೋಡುತ್ತ ಕೂತೆವು. 90 ದಾಟಿ ನಿಂತಿತು. ಬೆಕ್ಕಿಗೆ ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಜೇನು ಸವರಿ ನೇರ ಆಸ್ಪತ್ರೆಗೇ ಓಡಬೇಕಿತ್ತು. ಆ ಸಂಜೆಯ ಡೋಸ್ ಬಿಡಿಸಿ, ಮರುದಿನದಿಂದ 1 ಯೂನಿಟ್ಟಿಗೆ ಇಳಿಸಿದರು. ಅದೇ ಬೆಕ್ಕು, ಅಷ್ಟೇ ಕ್ಯಾಲೊರಿ. ಬದಲಾದದ್ದು ಪಿಷ್ಟ, ಇನ್ಸುಲಿನ್ ಅರ್ಧಕ್ಕೆ ಇಳಿಯಿತು.

ದಸರೆಗೆ ಮಂಡ್ಯದಿಂದ ನಂಟರು ಬಂದಾಗ ಮತ್ತೊಂದು ಪಾಠವಾಯಿತು. ಜಂಬೂಸವಾರಿ ನೋಡಲು ಮನೆ ತುಂಬ ಜನ, ಮಕ್ಕಳ ಕೈಯಲ್ಲಿ ಬಿಸ್ಕತ್ತು. ಕೆಂಚನನ್ನು ಅವನ ತಟ್ಟೆ, ಟ್ರೇ ಸಮೇತ ಅತ್ತೆಯ ಕೋಣೆಗೆ ಸೇರಿಸಿದೆವು. ಆದರೂ ಗದ್ದಲಕ್ಕೆ ಹೆದರಿ ಸಂಜೆ ಎರಡು ತುತ್ತು ತಿಂದು ವಾಂತಿ ಮಾಡಿಕೊಂಡ. ಸಿರಿಂಜ್ ಪಕ್ಕಕ್ಕಿಟ್ಟು ಫೋನ್ ಮಾಡಿದೆ. "ತಿಂದಿಲ್ಲವೆಂದರೆ ಈ ಹೊತ್ತು ಬೇಡ. ಮೂತ್ರದಲ್ಲಿ ಕೀಟೋನ್ ನೋಡಿ. ಬೆಳಿಗ್ಗೆಯೂ ತಿನ್ನದಿದ್ದರೆ ಕರೆದುಕೊಂಡು ಬನ್ನಿ" ಎಂದರು. ಕೀಟೋನ್ ಇರಲಿಲ್ಲ. ಬೆಳಿಗ್ಗೆ ಮನೆ ಖಾಲಿಯಾದ ಮೇಲೆ ತಟ್ಟೆ ಪೂರ್ತಿ ನೆಕ್ಕಿದ, ಎಂದಿನ ಡೋಸ್ ಕೊಟ್ಟೆವು.

ಚಳಿಗಾಲ ಮುಗಿಯುವ ಹೊತ್ತಿಗೆ ಡೋಸ್ ಅರ್ಧ ಯೂನಿಟ್ಟಿಗೆ ಬಂದು, ಆಮೇಲೆ ವೈದ್ಯೆ ಅದನ್ನೂ ನಿಲ್ಲಿಸಿದರು. ಬೆಕ್ಕುಗಳಲ್ಲಿ ಇದು ಸಾಧ್ಯ. ಬೇಗ ಇನ್ಸುಲಿನ್ ಶುರುಮಾಡಿ ಸಕ್ಕರೆಯನ್ನು ತಗ್ಗಿಸಿದರೆ, ದಣಿದ ಮೇದೋಜೀರಕ ಗ್ರಂಥಿಯ ಕೋಶಗಳು ಕೆಲವು ಬೆಕ್ಕುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಎಲ್ಲ ಬೆಕ್ಕಿಗೂ ಹಾಗಾಗುವುದಿಲ್ಲ, ಆದದ್ದು ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಅದಕ್ಕೇ ವಾರಕ್ಕೊಮ್ಮೆ ತೂಕ ಮತ್ತು ನೀರು ಅಳೆಯುವುದನ್ನು ಬಿಟ್ಟಿಲ್ಲ. ಪೌಚಿನಲ್ಲೇ ನೀರು ಇರುವುದರಿಂದ ಈಗ ಅವನು ಬಟ್ಟಲಿನಿಂದ ಕುಡಿಯುವುದು 60 ಮಿಲಿಯಷ್ಟು. ಅದು ಎರಡು ಪಟ್ಟಾದರೆ ಅದೇ ದಿನ ಕಿವಿ ಚುಚ್ಚಿ ನೋಡಬೇಕೆಂದು ಹೇಳಿದ್ದಾರೆ. ತೂಕ 5.6 ಕೆಜಿ, ಬೆನ್ನಿನ ಮೇಲೆ ಮಾಂಸ ಬಂದಿದೆ. ಇನ್ನು ಹೆಚ್ಚಾಗಲು ಬಿಡಬಾರದು. ಒಣ ಆಹಾರ, ಹಾಲು ಅನ್ನ ಮತ್ತೆ ಶುರುವಾಗುವಂತಿಲ್ಲ. ಅವನ ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ವೈದ್ಯೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಮಧುಮೇಹ ಇತ್ತು, ನನ್ನನ್ನು ಕೇಳದೆ ಸ್ಟೀರಾಯ್ಡ್ ಕೊಡಬೇಡಿ. ನಾವು ಊರಿನಲ್ಲಿಲ್ಲದಾಗ ಬೇರೆ ಯಾರಾದರೂ ಅವನನ್ನು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂದರೆ ಎಂದು, ಆ ಪುಟದ ಪ್ರತಿಯೊಂದನ್ನು ಪಕ್ಕದ ಮನೆಯವರಿಗೂ ಕೊಟ್ಟಿದ್ದೇವೆ.